ಸಹಾಯ ಬೇಕು: ಮಳೆಗಾಲಕ್ಕೆ ಹೋಂಸ್ಟೇ ದರ ಹೇಗೆ ಇಡೋದು?

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆ ನಮ್ಮ ಕಾಫಿ ತೋಟದಲ್ಲೇ ಮೂರು ರೂಮಿನ ಹೋಂಸ್ಟೇ ಇದೆ. ಅಕ್ಟೋಬರ್‌ನಿಂದ ಜನವರಿವರೆಗೆ ಶನಿವಾರ, ಭಾನುವಾರ ತುಂಬುತ್ತದೆ. ಆಗ ಊಟ ತಿಂಡಿ ಸೇರಿ ತಲೆಗೆ 2,500 ರೂಪಾಯಿ. ಜೂನ್‌ನಿಂದ ಆಗಸ್ಟ್‌ವರೆಗೆ ವಾರದ ದಿನಗಳು ಖಾಲಿ. ಅದಕ್ಕೇ ಈ ಪೋಸ್ಟ್.

ಮಳೆಗಾಲದಲ್ಲಿ 1,500ಕ್ಕೆ ಇಳಿಸಿ ಅನ್ನುತ್ತಾರೆ. ಲೆಕ್ಕ ಹಾಕಿದೆ: ಅಡುಗೆ ಸಾಮಾನು, ಸೌದೆ, ಬಟ್ಟೆ ಒಗೆತ ಸೇರಿ ಒಬ್ಬರಿಗೆ 800. ಅಡುಗೆಯವರು, ಕೆಲಸದವರ ದಿನಗೂಲಿ 1,400. ಅದು ಎಷ್ಟೇ ಜನ ಬಂದರೂ ಅಷ್ಟೇ. ಇಬ್ಬರೇ ಬಂದರೆ 3,000ದಲ್ಲಿ ಕೈಗೆ ಏನೂ ಉಳಿಯಲ್ಲ. ನಾಲ್ವರಾದರೆ 1,400 ಉಳಿಯುತ್ತೆ. ಹಾಗಾಗಿ ದರ ಇಳಿಸಿದರೂ ಕನಿಷ್ಠ ನಾಲ್ಕು ಜನ ಅನ್ನೋ ನಿಯಮ ಇಡಬೇಕು ಅನ್ನಿಸುತ್ತೆ. ಇಬ್ಬರೇ ಬರೋ ದಂಪತಿಗಳಿಗೆ ನೀವು ಬೇರೆ ದರ ಇಟ್ಟಿದ್ದೀರಾ?

ಇನ್ನೊಂದು, ಮಳೆಯಲ್ಲಿ ಬೆಡ್‌ಶೀಟ್ ಒಣಗೋದೇ ಇಲ್ಲ. ಪ್ರತಿ ಮಂಚಕ್ಕೆ ಮೂರು ಜೊತೆ ಇಟ್ಟರೂ ಮುಗ್ಗಲು ವಾಸನೆ ಬರುತ್ತೆ. ಒಲೆ ಮೇಲಿನ ಅಟ್ಟದಲ್ಲಿ ಹಾಕಿದರೆ ಹೊಗೆ ವಾಸನೆ. ಡ್ರೈಯರ್ ತಗೊಂಡವರು ಕರೆಂಟ್ ಬಿಲ್ ಹೇಗಿದೆ ಹೇಳಿ.

ಕುಯ್ಲಿನ ಸಮಯದಲ್ಲಿ ಅತಿಥಿಗಳು ಹಣ್ಣು ಬಿಡಿಸಬೇಕು ಅಂತ ಕೇಳ್ತಾರೆ. ಹಸಿರು ಕಾಯಿನೂ ಕಿತ್ತುಬಿಡ್ತಾರೆ. ಕೆಜಿ ಲೆಕ್ಕದ ಕೂಲಿ ಮೇಲೆ ಬಿಡಿಸೋ ಹೆಂಗಸರಿಗೂ ಅಡ್ಡಿ. ಮನೆ ಹತ್ತಿರದ ಒಂದು ಸಾಲನ್ನು ಅತಿಥಿಗಳಿಗೇ ಬಿಡೋಣ ಅಂತಿದ್ದೀನಿ. ಹೀಗೆ ಮಾಡಿದವರು ದಯವಿಟ್ಟು ಅನುಭವ ತಿಳಿಸಿ.