ಸಹಾಯ ಬೇಕು: ಮುಖ ಮರೆಯಾಗದಂತೆ ಜಂಪ್ ಕಟ್ ಮುಚ್ಚುವುದು ಹೇಗೆ?

ಗಡಿಯಾರ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರ ಸಂದರ್ಶನವನ್ನು ಎಡಿಟ್ ಮಾಡುತ್ತಿದ್ದೇನೆ. ಚಿತ್ರೀಕರಿಸಿದ್ದು ಒಂದೇ ಕ್ಯಾಮೆರಾದಲ್ಲಿ. ತಡವರಿಕೆಗಳನ್ನು ತೆಗೆದಾಗ ಮೂರು ಕಡೆ ತಲೆ ಜಿಗಿಯುತ್ತದೆ.

ಮೊದಲೆರಡು ಕಡೆ ಅವರು ಸ್ಪ್ರಿಂಗ್ ಬಿಚ್ಚುವ ಬಗೆ ಹೇಳುತ್ತಾರೆ. ಅದಕ್ಕೆ ಹೊಂದುವ ಕ್ಲೋಸ್‌ಅಪ್ ಇದೆ. ಸರಿಯಾಗಿ ಕಟ್‌ನ ಮೇಲೆ ಇಟ್ಟಾಗ ತೇಪೆಯಂತೆ ಕಂಡಿತು. ‘ಸ್ಪ್ರಿಂಗ್’ ಎಂಬ ಮಾತಿಗೇ ಶುರುಮಾಡಿ, ಕಟ್ ದಾಟಿ, ವಾಕ್ಯ ಮುಗಿಯುವ ತನಕ ಎಳೆದ ಮೇಲೆ ಸಹಜವಾಯಿತು.

ತಲೆನೋವು ಮೂರನೆಯದು. ‘ಕಣ್ಣು ಮಂಜಾದ ಮೇಲೆ ಅಂಗಡಿ ಮುಚ್ಚಿದೆ’ ಎನ್ನುವಾಗ ನಡುವೆ ಬಂದ ಕೆಮ್ಮನ್ನು ತೆಗೆದಿದ್ದೇನೆ. ಗಡಿಯಾರದ ಮುಳ್ಳು ತೋರಿಸಿದರೆ, ನೋಡಲೇಬೇಕಾದ ಆ ಮುಖವೇ ಮರೆಯಾಗುತ್ತದೆ. (ಮುಳ್ಳಿಗೂ ಆ ಮಾತಿಗೂ ಸಂಬಂಧವೂ ಇಲ್ಲ.) 4ಕೆ ದೃಶ್ಯವಾದ್ದರಿಂದ ಫುಲ್ ಎಚ್‌ಡಿ ಟೈಮ್‌ಲೈನ್‌ನಲ್ಲಿ ಕಟ್‌ನ ನಂತರದ ಭಾಗವನ್ನು ಶೇ 20ರಷ್ಟು ಹಿಗ್ಗಿಸಿದೆ, ಕೆಮ್ಮಿದ ಮೇಲೆ ತಲೆ ವಾಲಿರುವುದರಿಂದ ಜಿಗಿತ ಉಳಿದೇ ಇದೆ. ಡಿಸಾಲ್ವ್ ಹಾಕಿದರೆ ಎರಡು ಮುಖಗಳು ಒಂದರ ಮೇಲೊಂದು ತೇಲುತ್ತವೆ.

ಮಡಿಲಲ್ಲಿ ಸುಮ್ಮನಿರುವ ಅವರ ಕೈಗಳ ಶಾಟ್ ಒಂದಿದೆ, ಬಳಸಬಹುದಾದದ್ದು 2 ಸೆಕೆಂಡ್ ಮಾತ್ರ. ‘ಮಂಜಾದ ಮೇಲೆ’ ಎಂಬಲ್ಲಿ ಅದನ್ನು ತೋರಿಸಿ ‘ಮುಚ್ಚಿದೆ’ ಎನ್ನುವ ಮೊದಲೇ ಮುಖಕ್ಕೆ ಮರಳಬೇಕೇ, ಅಥವಾ ಚೌಕಟ್ಟನ್ನು ಇನ್ನೂ ಹಿಗ್ಗಿಸಿ ತಲೆಯ ಸ್ಥಾನ ಹೊಂದಿಸಬೇಕೇ? ನೀವಾದರೆ ಯಾವುದನ್ನು ಆರಿಸುತ್ತೀರಿ?