ಡಬ್ಬಿ ಮೇಲೆ ಮೂರು ಭರವಸೆ, ಆದ್ರೂ ರೆಪ್ಪೆ ಊದಿತು

ಸಹನಾ, ಶಿವಮೊಗ್ಗ: ಡಾಕ್ಟ್ರೇ, ನಾನು ಹಚ್ಚುವ ಮುಖದ ಕ್ರೀಮಿನ ಡಬ್ಬಿ ಮೇಲೆ ‘ಡರ್ಮಟಾಲಜಿಸ್ಟ್ ಟೆಸ್ಟೆಡ್’, ‘ನ್ಯಾಚುರಲ್’, ‘ಹೈಪೋಅಲರ್ಜೆನಿಕ್’ ಅಂತ ಮೂರೂ ಇವೆ. ಕೊನೆಯದಕ್ಕೆ ಅಲರ್ಜಿ ತರುವುದು ಕಡಿಮೆ ಅಂತ ಅರ್ಥವಂತೆ. ಈ ಮೂರನ್ನು ನೋಡಿಯೇ ದುಡ್ಡು ಜಾಸ್ತಿ ಆದ್ರೂ ತಗೊಂಡೆ. ಮೊದಲು ಏನೂ ಆಗಲಿಲ್ಲ. ಎರಡನೇ ತಿಂಗಳಲ್ಲಿ ಕಣ್ಣಿನ ರೆಪ್ಪೆ ಕೆಂಪಾಗಿ, ತುರಿಸಿ, ಊದಿಕೊಂಡಿತು. ಈ ಮೂರು ಮಾತಿಗೆ ಏನಾದರೂ ಗ್ಯಾರಂಟಿ ಇದೆಯಾ, ಇಲ್ಲ ಸುಮ್ನೆ ಬರೆದದ್ದಾ?

ಡಾ. ವಾಣಿ (ಚರ್ಮ ವೈದ್ಯೆ): ಮೂರರಲ್ಲಿ ‘ಟೆಸ್ಟೆಡ್’ ಅನ್ನುವುದರ ಹಿಂದೆ ಸಾಮಾನ್ಯವಾಗಿ ಏನೋ ಒಂದು ಕೆಲಸ ನಡೆದಿರುತ್ತದೆ. ಅದನ್ನೇ ಮೊದಲು ಹೇಳುತ್ತೇನೆ.

ಒಳ್ಳೆ ಕಂಪನಿಗಳು ಮಾಡಿಸುವ ಪರೀಕ್ಷೆ ಹೀಗಿರುತ್ತದೆ. ನೂರೋ ಇನ್ನೂರೋ ಜನರನ್ನು ಕರೆಸುತ್ತಾರೆ. ಬೆನ್ನಿನ ಮೇಲೆ ಒಂದೇ ಜಾಗದಲ್ಲಿ ಸ್ವಲ್ಪ ಕ್ರೀಮಿಟ್ಟು ಪಟ್ಟಿ ಅಂಟಿಸುತ್ತಾರೆ. ವಾರಕ್ಕೆ ಮೂರು ಸಲ, ಮೂರು ವಾರ, ಒಟ್ಟು ಒಂಬತ್ತು ಪಟ್ಟಿ. ಆಮೇಲೆ ಸುಮಾರು ಎರಡು ವಾರ ಬಿಡುವು. ಆ ಬಿಡುವಿನಲ್ಲಿ ಮೈ ಆ ವಸ್ತುವನ್ನು ಶತ್ರು ಅಂತ ಗುರುತು ಹಿಡಿಯಬೇಕಿದ್ದರೆ ಹಿಡಿಯುತ್ತದೆ. ಕೊನೆಗೆ ಬೆನ್ನಿನ ಬೇರೆ ಜಾಗದಲ್ಲಿ ಒಂದೇ ಪಟ್ಟಿ ಹಾಕಿ, ಎರಡು ದಿನ ಬಿಟ್ಟು ಒಮ್ಮೆ, ನಾಲ್ಕು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಯಾರಿಗೂ ಕೆಂಪಾಗಲಿಲ್ಲ ಅಂದರೆ ‘ಅಲರ್ಜಿ ಕಾಣಲಿಲ್ಲ’ ಅನ್ನುವ ವರದಿ ಸಿಗುತ್ತದೆ.

ಈಗ ಲೆಕ್ಕ ನೋಡಿ. ಒಂದು ಕ್ರೀಮು ನಿಜವಾಗಿ ನೂರರಲ್ಲಿ ಮೂರು ಜನರಿಗೆ ಅಲರ್ಜಿ ತರುವಂಥದ್ದು ಅಂತಿಟ್ಟುಕೊಳ್ಳಿ. ಅದನ್ನು ನೂರು ಜನರ ಮೇಲೆ ಹಾಕಿದರೂ ಇಪ್ಪತ್ತು ಪರೀಕ್ಷೆಯಲ್ಲಿ ಒಂದು ಸಲ ಯಾರಿಗೂ ಏನೂ ಆಗದೇ ಹೋಗಬಹುದು. ಹಾಗಾಗಿ ನೂರು ಜನರಲ್ಲಿ ಸೊನ್ನೆ ಬಂತು ಅಂದರೆ ‘ಅಪಾಯ ಬಹುಶಃ ನೂರಕ್ಕೆ ಮೂರಕ್ಕಿಂತ ಕಡಿಮೆ’ ಅಂತಷ್ಟೇ ಅರ್ಥ. ಒಂದು ಲಕ್ಷ ಜನ ಕೊಂಡರೆ ಮೂರು ಸಾವಿರದವರೆಗೂ ಆಗಬಹುದು. ಜೊತೆಗೆ, ಈಗಾಗಲೇ ಎಕ್ಸಿಮಾ ಇರುವವರನ್ನು ಇಂಥ ಪರೀಕ್ಷೆಗೆ ಸಾಮಾನ್ಯವಾಗಿ ಸೇರಿಸುವುದಿಲ್ಲ. ಬೆನ್ನಿನ ಚರ್ಮ ದಪ್ಪ, ರೆಪ್ಪೆಯದು ಮೈಯಲ್ಲೇ ತೀರಾ ತೆಳು.

ಇಷ್ಟೂ ಒಳ್ಳೆ ಪರೀಕ್ಷೆಯ ಮಾತಾಯ್ತು. ಮೂವತ್ತು ಜನರಿಗೆ ಎರಡು ದಿನ ಒಂದೇ ಪಟ್ಟಿ ಹಾಕಿ ತೆಗೆದರೂ ಡಬ್ಬಿ ಮೇಲೆ ಬರೆಯುವ ಪದ ಅದೇ. ಎಷ್ಟು ಜನ, ಎಷ್ಟು ದಿನ, ಏನು ಬಂತು, ಯಾವುದೂ ಬರೆದಿರುವುದಿಲ್ಲ. ಪರೀಕ್ಷೆ ಬರೆದವರೆಲ್ಲ ಪಾಸಾಗಿರಬೇಕಂತೇನಿಲ್ಲ, ಅಲ್ವಾ?

ನಿಮಗೆ ಎರಡನೇ ತಿಂಗಳಲ್ಲಿ ಶುರುವಾಯ್ತು ಅಂದಿರಿ. ಅಲರ್ಜಿ ಬರುವ ರೀತಿಯೇ ಅದು. ಮೊದಲ ದಿನವೇ ಉರಿದರೆ ನಾವು ಬೇರೆ ಕಾರಣ ಹುಡುಕುತ್ತೇವೆ.

ರಾಘವೇಂದ್ರ, ಹುಬ್ಬಳ್ಳಿ: ಹಾಗೆ ಬಾಯಿಗೆ ಬಂದಂಗೆ ಬರೆಯೋಕೆ ಆಗಲ್ಲ ಮೇಡಂ. ಡಬ್ಬಿ ಮೇಲೆ ಲೈಸೆನ್ಸ್ ನಂಬರ್ ಇರ್ತದೆ. ಸರ್ಕಾರ ನೋಡಿ ಒಪ್ಪಿದ ಮೇಲೇನೇ ಮಾರಾಟ. ನಮ್ಮಣ್ಣಂದು ಮೆಡಿಕಲ್ ಶಾಪ್ ಇದೆ, ನನಗೆ ಗೊತ್ತು.

ಡಾ. ವಾಣಿ: ರಾಘವೇಂದ್ರ ಅವರೇ, ಅರ್ಧ ಸರಿ. ತಯಾರಿಸಲು ಲೈಸೆನ್ಸ್ ಬೇಕು. ಯಾವ ಬಣ್ಣ, ಯಾವ ರಾಸಾಯನಿಕ ಹಾಕಬಾರದು ಅಂತ ಪಟ್ಟಿಯೂ ಇದೆ. 2020ರ ಕಾಸ್ಮೆಟಿಕ್ಸ್ ನಿಯಮಗಳಲ್ಲಿ ‘ಕೊಳ್ಳುವವರ ದಾರಿ ತಪ್ಪಿಸುವಂಥದ್ದನ್ನು ಬರೆಯಬಾರದು’ ಅಂತಲೂ ಇದೆ. ಆದರೆ ಆ ಲೈಸೆನ್ಸು ತಯಾರಿಕೆಗೆ. ‘ಹೈಪೋಅಲರ್ಜೆನಿಕ್’ ಅಂತ ಬರೆಯಲು ಇಷ್ಟು ಮಾಡಿರಬೇಕು ಅನ್ನುವ ಅಳತೆಗೋಲು ಅದರಲ್ಲಿಲ್ಲ.

ಆ ಪದಕ್ಕೆ ಅಳತೆಗೋಲು ತರಲು ಅಮೆರಿಕದಲ್ಲಿ ಒಮ್ಮೆ ನೋಡಿದ್ದರು. 1975ರಲ್ಲಿ ಅಲ್ಲಿ ಆಹಾರ, ಔಷಧ, ಸೌಂದರ್ಯವರ್ಧಕಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಂದು ನಿಯಮ ಮಾಡಿತು. ಹಾಗೆ ಬರೆಯಬೇಕಿದ್ದರೆ ಬೇರೆ ಉತ್ಪನ್ನಗಳಿಗಿಂತ ಇದರಿಂದ ಅಲರ್ಜಿ ಕಡಿಮೆ ಅಂತ ಜನರ ಮೇಲೆ ಪರೀಕ್ಷೆ ಮಾಡಿ ತೋರಿಸಿ ಅಂದಿತು. ಆಲ್ಮೇ ಮತ್ತು ಕ್ಲಿನಿಕ್ ಕಂಪನಿಗಳು ಕೋರ್ಟಿಗೆ ಹೋದವು. ಕೊನೆಗೆ ಮೇಲ್ಮನವಿ ನ್ಯಾಯಾಲಯದಲ್ಲಿ ನಿಯಮ ಬಿದ್ದುಹೋಯಿತು. ಅಲ್ಲಿಂದ ಇಲ್ಲಿಯವರೆಗೂ ಆ ಪದಕ್ಕೆ ಕಂಪನಿ ಕೊಟ್ಟದ್ದೇ ಅರ್ಥ ಅಂತ ಎಫ್‌ಡಿಎಯೇ ಹೇಳುತ್ತದೆ. 2017ರಲ್ಲಿ ಅಲ್ಲಿ ಹೆಚ್ಚು ಮಾರಾಟವಾಗುವ ಮಾಯಿಶ್ಚರೈಸರ್‌ಗಳ ಪದಾರ್ಥ ಪಟ್ಟಿ ತೆಗೆದು ನೋಡಿದರು. ಹಾಗೆ ಬರೆದುಕೊಂಡವುಗಳಲ್ಲಿ ಶೇಕಡಾ 83ರಲ್ಲಿ ಅಲರ್ಜಿ ತರಬಲ್ಲದ್ದು ಕನಿಷ್ಠ ಒಂದಾದರೂ ಇತ್ತು.

ಗಿರಿಜಮ್ಮ, ಹಾಸನ: ನಾನು ಯಾವ ಕ್ರೀಮೂ ಹಚ್ಚಲ್ಲಮ್ಮ. ತಲೆಗೆ ಮಾತ್ರ ‘ನ್ಯಾಚುರಲ್ ಮೆಹಂದಿ’ ಪ್ಯಾಕೆಟ್ಟು. ಅರ್ಧ ಗಂಟೆಗೆ ಕಪ್ಪಾಗುತ್ತೆ, ಚೆನ್ನಾಗಿದೆ. ಹೋದ ಸಲ ಹಚ್ಚಿ ಎರಡು ದಿನ ಆದಮೇಲೆ ಹಣೆ, ಕಿವಿ ಎಲ್ಲ ಊದಿ ನೀರು ಸೋರಿತು. ಬಿಸಿಲಿಗೆ ಅಂತ ಸುಮ್ನಾದೆ. ಗಿಡದ್ದು ಏನೂ ಮಾಡಲ್ಲ ಅಲ್ವಾ?

ಡಾ. ವಾಣಿ: ಗಿರಿಜಮ್ಮನವರೇ, ಇನ್ನೊಂದು ಸಲ ಅದನ್ನು ಹಚ್ಚಬೇಡಿ. ಬರೀ ಮೆಹಂದಿ ಸೊಪ್ಪು ಕಿತ್ತಳೆಗೆಂಪು ಬಣ್ಣ ಕೊಡುತ್ತದೆ. ಅರ್ಧ ಗಂಟೆಗೆ ಕಪ್ಪು ಮಾಡುವುದಿಲ್ಲ. ಅಷ್ಟು ಬೇಗ ಕಪ್ಪಾಗುತ್ತದೆ ಅಂದರೆ ಒಳಗೆ ಪಿಪಿಡಿ ಅನ್ನುವ ಬಣ್ಣದ ರಾಸಾಯನಿಕ ಇರುವ ಸಾಧ್ಯತೆ ಜಾಸ್ತಿ. ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ‘ಮೊದಲು ಸ್ವಲ್ಪ ಹಚ್ಚಿ ಪರೀಕ್ಷಿಸಿ, ಹುಬ್ಬು ರೆಪ್ಪೆಗೆ ಹಚ್ಚಬೇಡಿ, ಕಣ್ಣು ಹೋಗಬಹುದು’ ಅನ್ನುವ ಎಚ್ಚರಿಕೆ ಇದೆಯಾ ನೋಡಿಸಿ. ಪಿಪಿಡಿ ಇರುವ ಬಣ್ಣಕ್ಕೆ ಆ ಎಚ್ಚರಿಕೆ ನಮ್ಮ ದೇಶದಲ್ಲಿ ಕಡ್ಡಾಯ. ಮುಂದೆ ಎಲೆಯ ಚಿತ್ರ, ಹಿಂದೆ ಆ ಸಾಲು! ಈ ಅಲರ್ಜಿ ಒಮ್ಮೆ ಬಂದರೆ ಹೋಗುವುದು ಅಪರೂಪ, ಮುಂದಿನ ಸಲ ಇನ್ನೂ ಜೋರಾಗಬಹುದು. ಆ ಪ್ಯಾಕೆಟ್ ಹಿಡಿದುಕೊಂಡೇ ಹತ್ತಿರದ ಚರ್ಮದ ಡಾಕ್ಟರಿಗೆ ತೋರಿಸಿ.

ಇನ್ನು ಗಿಡದ್ದು ಏನೂ ಮಾಡಲ್ಲ ಅನ್ನುವ ಮಾತು. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿದರೆ ಕೈ ಏನಾಗುತ್ತದೆ ಅಂತ ಕರಾವಳಿಯವರನ್ನು ಕೇಳಿ. ಅದಕ್ಕಿಂತ ನ್ಯಾಚುರಲ್ ಯಾವುದಿದೆ?

‘ಶೇಕಡಾ 95 ನೈಸರ್ಗಿಕ ಮೂಲ’ ಅಂತ ಬರೆದಿದ್ದರೂ ಒಂದು ಮಾತು. ಐಎಸ್‌ಒ 16128 ಅಂತ ಇದಕ್ಕೊಂದು ಲೆಕ್ಕದ ವಿಧಾನವಿದೆ. ಅದರಲ್ಲಿ ನೀರನ್ನೂ ಸೇರಿಸಿಕೊಳ್ಳಬಹುದು. ಲೋಷನ್ನಿನಲ್ಲಿ ಬಹುಪಾಲು ನೀರೇ.

ಸಹನಾ: ಡಬ್ಬಿ ಹಿಂದಿನದ್ದು ಓದಿದೆ. ನೀರು, ಗ್ಲಿಸರಿನ್, ಕೊಬ್ಬರಿ ಎಣ್ಣೆ, ಏನೇನೋ ಮೇಣ, ಅಲೋವೆರಾ, ಕೊನೆಗೆ ಲ್ಯಾವೆಂಡರ್ ಎಣ್ಣೆ, ಲಿನಲೂಲ್, ಲಿಮೊನೀನ್. ಕೊನೆಯಲ್ಲಿದೆ ಅಂದರೆ ಚಿಟಿಕೆ ಇರಬೇಕು, ಅದರಿಂದ ಏನಾಗುತ್ತೆ?

ಡಾ. ವಾಣಿ: ಚಿಟಿಕೆಯೇ ಇರಬಹುದು. ಶೇಕಡಾ ಒಂದಕ್ಕಿಂತ ಜಾಸ್ತಿ ಇರುವುದನ್ನು ಇಳಿಕೆ ಕ್ರಮದಲ್ಲಿ ಬರೆಯಬೇಕು. ಅದಕ್ಕಿಂತ ಕಡಿಮೆ ಇರುವುದನ್ನು ಹೇಗೆ ಬೇಕಾದರೂ ಜೋಡಿಸಬಹುದು. ಆದರೆ ಅಲರ್ಜಿ ಶುರುವಾದವರಿಗೆ ಚಿಟಿಕೆ ಸಾಕು.

ನಿಮ್ಮ ಪಟ್ಟಿಯಲ್ಲಿ ನನ್ನ ಕಣ್ಣು ನಿಂತದ್ದು ಲಿನಲೂಲ್ ಮೇಲೆ. ಲ್ಯಾವೆಂಡರಿನ ಪರಿಮಳದಲ್ಲಿ ಅದರ ಪಾಲು ದೊಡ್ಡದು. ಹೊಸ ಲಿನಲೂಲ್ ಅಷ್ಟೇನೂ ತೊಂದರೆ ಕೊಡುವುದಿಲ್ಲ. ಗಾಳಿ ತಾಗಿ ಹಳೆಯದಾದಂತೆ ಅದರಲ್ಲಿ ಬೇರೆ ವಸ್ತುಗಳು ಹುಟ್ಟುತ್ತವೆ. ಅಲರ್ಜಿ ತರುವುದು ಮುಖ್ಯವಾಗಿ ಅವು. ಲಿಮೊನೀನ್ ಕತೆಯೂ ಅದೇ. ಪರೀಕ್ಷೆಗೆ ಹೋಗುವುದು ಸಾಮಾನ್ಯವಾಗಿ ಹೊಸ ಮಾಲು. ನೀವು ದಿನಾ ಬೆರಳಿಟ್ಟು ತೆಗೆದದ್ದು ಎರಡು ತಿಂಗಳಿಂದ ಮುಚ್ಚಳ ತೆರೆದು ಮುಚ್ಚಿದ ಡಬ್ಬಿ. ಬೆನ್ನಿನ ಪಟ್ಟಿಗೆ ಇದು ಹೇಗೆ ಗೊತ್ತಾಗಬೇಕು?

ಅನಂತ್, ಮ್ಯೂನಿಕ್: ಇಲ್ಲಿ ಯೂರೋಪಿನಲ್ಲಿ ಪರಿಮಳದ ಪದಾರ್ಥಗಳಲ್ಲಿ 26ರ ಹೆಸರನ್ನು ಬಿಡಿಬಿಡಿಯಾಗಿ ಬರೆಯಲೇಬೇಕಿತ್ತು, ಮುಖಕ್ಕೆ ಹಚ್ಚಿ ಬಿಡುವಂಥದ್ದರಲ್ಲಿ ಶೇಕಡಾ 0.001 ದಾಟಿದರೆ ಸಾಕು. 2023ರಲ್ಲಿ ಪಟ್ಟಿಯನ್ನು 80ಕ್ಕಿಂತ ಜಾಸ್ತಿ ಮಾಡಿದ್ದಾರೆ. ಹಾಗಾಗಿ ಇಲ್ಲಿನ ಡಬ್ಬಿಯಲ್ಲಿ ಇಂಥ ಹೆಸರು ಉದ್ದಕ್ಕೆ ಕಾಣುತ್ತವೆ. ಜನ ಹೆದರಿ ಇಂಥ ನಿಯಮವಿಲ್ಲದ ಕಡೆಯ ಬೇರೆ ಬ್ರ್ಯಾಂಡ್ ತಗೊಳ್ಳುತ್ತಾರೆ. ಅದರಲ್ಲಿ ‘ಪರ್ಫ್ಯೂಮ್’ ಅಂತ ಒಂದೇ ಪದ ಇರುತ್ತದೆ.

ಡಾ. ವಾಣಿ: ಹೌದು ಅನಂತ್. ಆ ಒಂದೇ ಪದದೊಳಗೆ ಹತ್ತಾರು ವಸ್ತು ಇರಬಹುದು. ಹೆಸರು ಬರೆದವರು ಸಿಕ್ಕಿಬೀಳುತ್ತಾರೆ. ರೋಗಿಗಳಿಗೆ ಇದನ್ನು ಅರ್ಥ ಮಾಡಿಸುವುದೇ ಕಷ್ಟ.

ರಾಘವೇಂದ್ರ: ಹಂಗಾದ್ರೆ ತಗೊಳ್ಳೋ ಮುಂಚೆ ಕೈ ಮೇಲೆ ಒಂದು ಚುಕ್ಕೆ ಹಚ್ಚಿ ನೋಡಿದ್ರೆ ಆಯ್ತಲ್ಲ?

ಡಾ. ವಾಣಿ: ಒಂದು ಚುಕ್ಕೆ, ಒಂದು ದಿನ ಸಾಲದು. ಮೊಳಕೈ ಒಳಮಡಿಕೆಯ ಹತ್ತಿರ ನಾಣ್ಯದಷ್ಟು ಜಾಗದಲ್ಲಿ, ಅದೇ ಜಾಗದಲ್ಲಿ, ದಿನಕ್ಕೆ ಎರಡು ಸಲ ಹಚ್ಚಿ. ಕಡಿಮೆ ಅಂದರೂ ಒಂದು ವಾರ, ಸಾಧ್ಯವಾದರೆ ಎರಡು ವಾರ. ಕೆಂಪಾಗಿ ತುರಿಸಿದರೆ ಅಲ್ಲಿಗೇ ನಿಲ್ಲಿಸಿ. ಹಚ್ಚಿ ಬಿಡುವ ಕ್ರೀಮು, ಲೋಷನ್ನಿಗೆ ಮಾತ್ರ ಇದು. ಫೇಸ್‌ವಾಶ್, ಶಾಂಪೂ ಹೀಗೆ ಮಾಡಬೇಡಿ. ಸೋಪನ್ನು ತೊಳೆಯದೆ ಬಿಟ್ಟರೆ ಅಲರ್ಜಿ ಇಲ್ಲದವರಿಗೂ ಉರಿಯುತ್ತದೆ, ತಪ್ಪು ಉತ್ತರ ಸಿಗುತ್ತದೆ. ಗಿರಿಜಮ್ಮನವರ ಹಾಗೆ ಈಗಾಗಲೇ ಊದಿದವರು ಆ ಬಣ್ಣವನ್ನು ಮನೆಯಲ್ಲಿ ಪರೀಕ್ಷೆ ಮಾಡಲೂ ಹೋಗಬಾರದು.

ಇನ್ನೊಂದು ಮಿತಿ. ಕೈ ಒಪ್ಪಿದ್ದನ್ನು ರೆಪ್ಪೆ ಒಪ್ಪಲೇಬೇಕಂತಿಲ್ಲ.

ಸಹನಾ, ಒಂದು ಪ್ರಶ್ನೆ. ಕೈಗೆ ನೇಲ್ ಪಾಲಿಶ್ ಹಚ್ಚುತ್ತೀರಾ? ಶಾಂಪೂ, ತಲೆಬಣ್ಣ ಏನಾದರೂ ಬದಲಿಸಿದ್ದಿರಾ?

ಸಹನಾ: ನೇಲ್ ಪಾಲಿಶ್ ಹೌದು. ತಂಗಿ ಮದುವೆಗೆ ಅಂತ ಹೊಸದು ತಗೊಂಡೆ, ಹೆಚ್ಚುಕಡಿಮೆ ಅದೇ ಸಮಯಕ್ಕೆ. ಆದರೆ ಬೆರಳಿಗೆ ಏನೂ ಆಗಿಲ್ಲವಲ್ಲ?

ಡಾ. ವಾಣಿ: ಸಾಮಾನ್ಯವಾಗಿ ಆಗುವುದಿಲ್ಲ. ಉಗುರು ಗಟ್ಟಿ, ಬೆರಳ ಚರ್ಮ ದಪ್ಪ. ಅದೇ ಬೆರಳಲ್ಲಿ ಕಣ್ಣುಜ್ಜಿಕೊಳ್ಳುತ್ತೇವೆ, ರೆಪ್ಪೆ ಊದುತ್ತದೆ. ಹಾಗಾಗಿ ಕ್ರೀಮೇ ಕಾರಣ ಅಂತ ನಾನಿನ್ನೂ ಹೇಳಲಾರೆ. ಈಗ ಎರಡನ್ನೂ ನಿಲ್ಲಿಸಿ. ರೆಪ್ಪೆ ಪೂರ್ತಿ ವಾಸಿಯಾದ ಮೇಲೆ ಕ್ರೀಮನ್ನು ಮೊಳಕೈಯಲ್ಲಿ ನೋಡಿ, ಪಾಲಿಶ್ ಮಾತ್ರ ಬೇಡ. ಚರ್ಮದ ಡಾಕ್ಟರು ಬೆನ್ನಿಗೆ ಪಟ್ಟಿ ಅಂಟಿಸಿ ಯಾವುದರಿಂದ ಅಲರ್ಜಿ ಅಂತ ಪತ್ತೆ ಮಾಡುವ ಪ್ಯಾಚ್ ಟೆಸ್ಟಿಗೆ ಹೋಗುವುದಾದರೆ ಕ್ರೀಮು, ಪಾಲಿಶ್, ಶಾಂಪೂ ಮೂರನ್ನೂ ಅವುಗಳ ಖಾಲಿ ಪೆಟ್ಟಿಗೆ ಸಮೇತ ಒಯ್ಯಿರಿ. ಎಷ್ಟೋ ಸಲ ಪದಾರ್ಥ ಪಟ್ಟಿ ಪೆಟ್ಟಿಗೆ ಮೇಲಷ್ಟೇ ಇರುತ್ತದೆ, ಡಬ್ಬಿ ಮೇಲೆ ಇರುವುದಿಲ್ಲ.

ಸಹನಾ: ಪೆಟ್ಟಿಗೆ ಕಸಕ್ಕೆ ಹೋಯ್ತು ಡಾಕ್ಟ್ರೇ. ಪಾಲಿಶಿಂದು ಅಂಗಡೀಲಿ ಸಿಗುತ್ತೆ, ಫೋಟೋ ತೆಗೆದು ಇಲ್ಲೇ ಹಾಕ್ತೀನಿ.