ಎರಡೆಕರೆ ಸೈಟು, ಒಂದು ಮಳೆ, ಕೆಂಪು ನೀರು: ಪರಿಸರ ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಸೈಟ್ ಎಂಜಿನಿಯರ್, ಬೆಂಗಳೂರು: ಮೇಡಂ ನಮಸ್ಕಾರ. ಎರಡು ಎಕರೆ ಸೈಟು, ಅರ್ಧ ಜಾಗದಲ್ಲಿ ಬೇಸ್‌ಮೆಂಟ್ ಅಗೆದಿದ್ದೇವೆ. ಪೂರ್ವಕ್ಕೆ ರಾಜಕಾಲುವೆ, ಅದು ಕೆರೆಗೆ ಹೋಗುತ್ತೆ. ನಮ್ಮ ಪರಿಸರ ನಿರ್ವಹಣಾ ಯೋಜನೆಯಲ್ಲಿ ಮೂರೇ ಸಾಲು ಇದೆ: ಧೂಳಿಗೆ ನೀರು ಸಿಂಪಡಿಸುವುದು, ಸದ್ದಿಗೆ ಶೀಟ್ ಬೇಲಿ, ಮಳೆನೀರಿಗೆ ಹೂಳಿನ ಗುಂಡಿ. ಮೂರನ್ನೂ ಮಾಡಿದ್ದೇವೆ. ಆದರೂ ಮೊನ್ನೆ ಒಂದೇ ಮಳೆಗೆ ಕೆಂಪು ನೀರು ಕಾಲುವೆಗೆ ಹೋಯಿತು. ಅಕ್ಕಪಕ್ಕದವರು ವಿಡಿಯೊ ಮಾಡಿಕೊಂಡಿದ್ದಾರೆ. ಗುಂಡಿ ಚಿಕ್ಕದಾಯಿತಾ?

ಪರಿಸರ ಎಂಜಿನಿಯರ್: ಗುಂಡಿಯ ಅಳತೆ ಹೇಳಿ. ಗೇಟಿನ ಮುಂದಿನ ರಸ್ತೆ ಸೈಟಿಗಿಂತ ಎತ್ತರವಾ, ತಗ್ಗಾ? ದಿನಕ್ಕೆ ಎಷ್ಟು ಟ್ಯಾಂಕರ್ ನೀರು ಹೊಡೆಯುತ್ತೀರಿ?

ಸೈಟ್ ಎಂಜಿನಿಯರ್, ಬೆಂಗಳೂರು: 6 ಮೀಟರ್ ಉದ್ದ, 3 ಅಗಲ, 2 ಆಳ. ರಸ್ತೆ ಒಂದಡಿ ಎತ್ತರದಲ್ಲಿದೆ. ಟ್ಯಾಂಕರ್ ಆರು ಲೋಡು, ಒಂದೊಂದರಲ್ಲಿ 6,000 ಲೀಟರ್.

ಪರಿಸರ ಎಂಜಿನಿಯರ್: ಗುಂಡಿ ಚಿಕ್ಕದು ನಿಜ. ಆದರೆ ದೊಡ್ಡದು ಮಾಡಿದರೂ ನೀರು ಕೆಂಪಾಗಿಯೇ ಹೋಗುತ್ತಿತ್ತು. ಯಾಕೆ ಅಂತ ಹೇಳುತ್ತೇನೆ.

ಬೇಸ್‌ಮೆಂಟ್ ಬಿಟ್ಟರೆ ನಿಮಗೆ ಸುಮಾರು 4,000 ಚದರ ಮೀಟರ್ ಬರಿ ಮಣ್ಣು ಉಳಿಯುತ್ತೆ. ಒಂದು ಗಂಟೆಯಲ್ಲಿ 40 ಮಿಲಿಮೀಟರ್ ಮಳೆ ಬಂತು ಅಂತ ಇಟ್ಟುಕೊಳ್ಳಿ. ಅಲ್ಲಿಗೆ 1,60,000 ಲೀಟರ್ ಬೀಳುತ್ತೆ. ಟಿಪ್ಪರ್ ಓಡಿ ಗಟ್ಟಿಯಾದ ನೆಲ ಕುಡಿಯುವುದು ಕಡಿಮೆ. ನೂರಕ್ಕೆ 60 ಪಾಲು ಹರಿದರೂ 96,000 ಲೀಟರ್. ನಿಮ್ಮ ಗುಂಡಿ ಹಿಡಿಯುವುದು 36,000. ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ತುಂಬಿ ಉಕ್ಕುತ್ತೆ. ರಸ್ತೆಯಿಂದ ಇಳಿದು ಬರುವ ನೀರನ್ನು ನಾನಿನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಇನ್ನು ಮಣ್ಣಿನ ವಿಷಯ. ಸಣ್ಣ ಮರಳಿನ ಕಣ ಒಂದು ಮೀಟರ್ ಇಳಿಯಲು ಎರಡು ನಿಮಿಷ ಸಾಕು. ನಮ್ಮ ಕೆಂಪು ಮಣ್ಣಿನಲ್ಲಿರುವ ಜೇಡಿಯ ಕಣಕ್ಕೆ ಅದೇ ಒಂದು ಮೀಟರ್ ಇಳಿಯಲು ಮೂರು ದಿನ ಬೇಕು, ಅದೂ ನೀರು ಅಲುಗಾಡದೆ ನಿಂತಿದ್ದರೆ. ಗುಂಡಿ ಮರಳನ್ನು ಹಿಡಿಯುತ್ತೆ, ಬಣ್ಣವನ್ನು ಹಿಡಿಯಲ್ಲ. ನೀವೇ ನೋಡಿ. ಗುಂಡಿಯ ಹೊರದಾರಿಯಲ್ಲಿ ಒಂದು ಬಿಸ್ಲೇರಿ ಬಾಟಲಿ ನೀರು ಹಿಡಿದು ಸೈಟ್ ಆಫೀಸಿನ ಕಿಟಕಿ ಮೇಲೆ ಇಡಿ. ಚಹಾ ಮುಗಿಸುವಷ್ಟರಲ್ಲಿ ತಳದಲ್ಲಿ ಒಂದು ಪದರ ಕೂರುತ್ತೆ. ಅದರ ಮೇಲಿನ ನೀರು ಮರುದಿನ ಬೆಳಗ್ಗೆಯೂ ಕೆಂಪಾಗೇ ಇದ್ದರೆ ನಿಮ್ಮ ತೊಂದರೆ ಗುಂಡಿಯದ್ದಲ್ಲ, ಮಣ್ಣು ನೀರಿಗೆ ಸೇರುತ್ತಿರುವುದು.

ಹಾಗಾಗಿ ಮೊದಲು ಹೊರಗಿನ ನೀರನ್ನು ಹೊರಗೇ ತಡೆಯಿರಿ. ರಸ್ತೆ ಕಡೆ ಒಂದೂವರೆ ಅಡಿ ಮಣ್ಣಿನ ಏರಿ ಹಾಕಿ, ಗೇಟಿನಲ್ಲಿ ಅಡ್ಡ ಚರಂಡಿ ತೆಗೆದು ಮೇಲೆ ಜಾಲರಿ ಕೂರಿಸಿ. ಆ ನೀರು ನಿಮ್ಮ ಮಣ್ಣನ್ನು ಮುಟ್ಟದೆ ರಸ್ತೆ ಚರಂಡಿಗೆ ಹೋಗಲಿ. ಎರಡನೆಯದು, ಅಗೆದ ಮಣ್ಣಿನ ಗುಡ್ಡೆ. ಅದು ಕಾಲುವೆ ಪಕ್ಕದಲ್ಲೇ ಇದೆ, ಅಲ್ವಾ? ಎಲ್ಲ ಸೈಟಿನಲ್ಲೂ ಅಲ್ಲೇ ಇರುತ್ತೆ, ಯಾಕೆಂದರೆ ಆ ಕಡೆ ಯಾರಿಗೂ ಕೆಲಸವಿಲ್ಲ. ಅದನ್ನು ಪಶ್ಚಿಮಕ್ಕೆ ಸಾಗಿಸಿ, ಟಾರ್ಪಾಲು ಮುಚ್ಚಿ, ಬುಡಕ್ಕೆ ಮರಳು ಮೂಟೆ ಇಡಿ. ಗಾಳಿಯಲ್ಲಿ ಧೂಳು ಮಿತಿ ಮೀರಿದ ಊರುಗಳಿಗೆ ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ತಂದ ನಿಯಮ ಕೂಡ ಮಣ್ಣು, ಮರಳನ್ನು ಮುಚ್ಚದೆ ಇಡಬಾರದು ಅಂತಲೇ ಹೇಳುತ್ತೆ. ಅದು ಧೂಳಿನ ನಿಯಮ, ಆದರೆ ಉಳಿಯುವುದು ಕೆರೆಯೂ ಹೌದು.

ಮೂರನೆಯದೇ ನನಗೆ ಜಾಸ್ತಿ ಚಿಂತೆ. ದಿನಕ್ಕೆ 36,000 ಲೀಟರ್ ಹೊಡೆದರೆ ಧೂಳು ಅಡಗಲ್ಲ, ಕೆಸರಾಗುತ್ತೆ. ಕೆಸರು ಟಿಪ್ಪರ್ ಟೈರಿಗೆ ಅಂಟುತ್ತೆ, ಗೇಟು ದಾಟಿ ಡಾಂಬರಿನ ಮೇಲೆ ಬೀಳುತ್ತೆ. ಮಧ್ಯಾಹ್ನ ಒಣಗಿ ಧೂಳಾಗಿ ಏಳುತ್ತೆ, ಸಂಜೆ ಮಳೆಗೆ ಚರಂಡಿಗೆ ಇಳಿಯುತ್ತೆ. ನಿಮ್ಮ ಯೋಜನೆಯ ಮೊದಲ ಸಾಲು ಮೂರನೇ ಸಾಲನ್ನು ಕೆಡಿಸುತ್ತಿದೆ. ಟಿಪ್ಪರ್ ಹೋದ ಮೇಲೆ ಹೊರಗೆ ನಿಂತು ಕಂದು ಪಟ್ಟೆ ಎಷ್ಟು ದೂರ ಹೋಗಿದೆ ನೋಡಿ. ಹತ್ತು ಹೆಜ್ಜೆ ಮೀರಿದರೆ ನೀರು ಜಾಸ್ತಿಯಾಗಿದೆ. ನೆಲ ಒದ್ದೆ ಬಣ್ಣಕ್ಕೆ ತಿರುಗಬೇಕು, ಹೊಳೆಯಬಾರದು. ಒಂದೇ ಸಲ ಸುರಿಯುವುದಕ್ಕಿಂತ ಸ್ವಲ್ಪ ಸ್ವಲ್ಪ ಹಲವು ಸಲ ಹೊಡೆಯಿರಿ. ಗೇಟಿನ ಒಳಗೆ 15-20 ಮೀಟರ್ ಉದ್ದಕ್ಕೆ ದಪ್ಪ ಜಲ್ಲಿ ಹಾಸಿ. ಅಡಿಗೆ ಜಿಯೊಟೆಕ್ಸ್‌ಟೈಲ್ ಬಟ್ಟೆ ಹಾಕದಿದ್ದರೆ ಒಂದೇ ತಿಂಗಳಲ್ಲಿ ಜಲ್ಲಿ ಮಣ್ಣಿನೊಳಗೆ ಹೋಗುತ್ತೆ.

ಕಾಂಟ್ರಾಕ್ಟರ್, 22 ವರ್ಷದ ಅನುಭವ: ಇಷ್ಟೆಲ್ಲ ಯಾಕೆ ಮೇಡಂ. ಗುಂಡಿಗೆ ಆಲಂ ಹಾಕಿದರೆ ಮುಗೀತು. ನಾವು ನಾಲ್ಕು ಗಡ್ಡೆ ಎಸೆಯುತ್ತೇವೆ, ನೀರು ತಿಳಿಯಾಗುತ್ತೆ.

ಪರಿಸರ ಎಂಜಿನಿಯರ್: ಆಲಂ ಕೆಲಸ ಮಾಡುತ್ತೆ, ಅದು ಸರಿ. ಆದರೆ ಗಡ್ಡೆ ಎಸೆದು ಅಲ್ಲ. ಮೊದಲು ನಾಲ್ಕು ಜಾರ್ ನೀರಿಗೆ ಬೇರೆ ಬೇರೆ ಅಳತೆ ಹಾಕಿ ಯಾವುದು ತಿಳಿಯಾಗುತ್ತೆ ನೋಡಬೇಕು. ಆಮೇಲೆ ಕರಗಿಸಿ, ಕಲಕಿ, ನಿಲ್ಲಿಸಬೇಕು. ಮಳೆ ಬರುವಾಗ ಗುಂಡಿಯಲ್ಲಿ ನೀರು ನಿಲ್ಲುವುದೇ ಇಲ್ಲ. ಜಾಸ್ತಿ ಹಾಕಿದರೆ ನೀರು ಹುಳಿಯಾಗುತ್ತೆ, ಮೀನಿಗೆ ಕಷ್ಟ. ತಳದಲ್ಲಿ ಕೂತ ಹೂಳನ್ನು ಯಾರು ತೆಗೆಯುತ್ತಾರೆ? ಇನ್ನೊಂದು, ಕಾಂಕ್ರೀಟ್ ಕಲಸುವ ಮಿಲ್ಲರ್ ತೊಳೆದ ನೀರನ್ನು ಇದೇ ಗುಂಡಿಗೆ ಬಿಡುತ್ತಿದ್ದೀರಾ? ಸಿಮೆಂಟ್ ನೀರಿನ ಪಿಎಚ್ 12ರ ಹತ್ತಿರ ಇರುತ್ತೆ, ಅಂದರೆ ತೀರಾ ಕ್ಷಾರ. ಅದಕ್ಕೆ ತಳಕ್ಕೆ ಶೀಟ್ ಹಾಸಿದ ಬೇರೆ ಗುಂಡಿ ಬೇಕು.

ಕಾಂಟ್ರಾಕ್ಟರ್, 22 ವರ್ಷದ ಅನುಭವ: ಎಲ್ಲರೂ ಹಾಗೇ ಬಿಡುವುದು.

ಪರಿಸರ ಎಂಜಿನಿಯರ್: ನಿಲ್ಲಿಸಿ.

ಬಡಾವಣೆ ನಿವಾಸಿ: ನಮ್ಮ ಮನೆ ಪಕ್ಕದಲ್ಲೂ ಸೈಟಿದೆ. ನೀರು ಗೀರು ಬಿಡಿ, ರಾತ್ರಿ ಒಂದು ಗಂಟೆಗೆ ಸ್ಲ್ಯಾಬ್ ಹಾಕುತ್ತಾರೆ. ವೈಬ್ರೇಟರ್ ಸದ್ದಿಗೆ ಅತ್ತೆಯವರು ನಿದ್ದೆ ಮಾಡಿ ವಾರವಾಯಿತು. ನಿಮ್ಮ ಯೋಜನೆಯಲ್ಲಿ ಇದಕ್ಕೇನು ಬರೆದಿದೆ?

ಕಾಂಟ್ರಾಕ್ಟರ್, 22 ವರ್ಷದ ಅನುಭವ: ಅಮ್ಮಾ, ಹಗಲು ದೊಡ್ಡ ಗಾಡಿ ಬಿಡಲ್ಲ. ಟ್ರಾಫಿಕ್‌ನಲ್ಲಿ ಸಿಕ್ಕಿದರೆ ಕಾಂಕ್ರೀಟು ಗಾಡಿಯಲ್ಲೇ ಗಟ್ಟಿಯಾಗುತ್ತೆ. ಅರ್ಧ ಸ್ಲ್ಯಾಬಿಗೆ ನಿಲ್ಲಿಸಲು ಆಗುತ್ತಾ? ನಿಮ್ಮ ಮನೆ ಕಟ್ಟುವಾಗ ಸದ್ದಾಗಲಿಲ್ವಾ?

ಬಡಾವಣೆ ನಿವಾಸಿ: ನಮ್ಮ ಮನೆ ಕಟ್ಟಿದ್ದು ಹಗಲು ಹೊತ್ತಿನಲ್ಲಿ. ನಿಮ್ಮ ಗಾಡಿಯ ತೊಂದರೆ ನಮ್ಮ ನಿದ್ದೆಯ ಮೇಲೆ ಯಾಕೆ?

ಕಾಂಟ್ರಾಕ್ಟರ್, 22 ವರ್ಷದ ಅನುಭವ: ಹಾಗಾದರೆ ಫ್ಲಾಟು ಬೇಡ ಅಂತ ಹೇಳಿ, ಕಟ್ಟುವುದನ್ನೇ ಬಿಡುತ್ತೇವೆ.

ಪರಿಸರ ಎಂಜಿನಿಯರ್: ಇಬ್ಬರೂ ಸ್ವಲ್ಪ ನಿಲ್ಲಿ. ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಮಾಡುವ ಕಟ್ಟಡ ಯಂತ್ರ ಓಡಿಸುವಂತಿಲ್ಲ. ಗಾಡಿ ಬರಲ್ಲ ಅನ್ನುವುದು ಅದಕ್ಕೆ ಉತ್ತರವಲ್ಲ. ಸ್ಲ್ಯಾಬನ್ನು ಭಾಗ ಮಾಡಿ, ಎಲ್ಲಿ ನಿಲ್ಲಿಸಬೇಕು ಅಂತ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಮೊದಲೇ ಗುರುತು ಹಾಕಿಸಿಕೊಂಡು, ರಾತ್ರಿ 9ಕ್ಕೆ ಮುಗಿಯುವ ಹಾಗೆ ಸುರಿಯಬಹುದು. ಅಮ್ಮಾ, ನೀವು ದಿನಾಂಕ, ಹೊತ್ತು, ಯಾವ ಯಂತ್ರ ಅಂತ ಬರೆದಿಡಿ. ಪೊಲೀಸರಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ದೂರು ಕೊಡಬಹುದು.

ಸೈಟ್ ಎಂಜಿನಿಯರ್, ಬೆಂಗಳೂರು: ಮೇಡಂ, ನಮ್ಮ ಬಂಡೆ ಒಡೆಯುವ ಬ್ರೇಕರ್‌ಗೆ ಶೀಟ್ ಬೇಲಿ ಸಾಕಾ? 6 ಮೀಟರ್ ಎತ್ತರ ಇದೆ.

ಪರಿಸರ ಎಂಜಿನಿಯರ್: ಮೂರನೇ ಮಹಡಿ ಕಿಟಕಿಯಿಂದ ಬ್ರೇಕರ್ ಕಾಣುತ್ತಾ? ಕಂಡರೆ ಆ ಮನೆಗೆ ನಿಮ್ಮ ಬೇಲಿ ಇಲ್ಲದ ಹಾಗೆಯೇ. ಬೇಲಿಯನ್ನು ಯಂತ್ರದ ಹತ್ತಿರ ತನ್ನಿ, ಶೀಟುಗಳ ನಡುವಿನ ಸಂದು ಮುಚ್ಚಿ. ಒಂದು ಸಂದು ಬಿಟ್ಟರೂ ಅಲ್ಲಿಂದಲೇ ಸದ್ದು ನುಗ್ಗುತ್ತೆ.

ಗುಂಪಿನ ಸದಸ್ಯ: ಫಾರ್ವರ್ಡ್ ಬಂದಿದೆ: 'ಹಳೇ ಎಂಜಿನ್ ಆಯಿಲ್ ಸೈಟ್ ರಸ್ತೆಗೆ ಚಿಮುಕಿಸಿ, ಮೂರು ತಿಂಗಳು ಧೂಳು ಏಳಲ್ಲ, ನೀರಿನ ಖರ್ಚು ಉಳಿತಾಯ.' ನಿಜವಾ?

ಪರಿಸರ ಎಂಜಿನಿಯರ್: ದಯವಿಟ್ಟು ಮಾಡಬೇಡಿ. ಹಳೇ ಆಯಿಲ್ ಅಪಾಯಕಾರಿ ತ್ಯಾಜ್ಯ, ಅದನ್ನು ನೆಲಕ್ಕೆ ಸುರಿಯುವುದೇ ತಪ್ಪು. ಅದರಲ್ಲಿ ಸವೆದ ಲೋಹವಿರುತ್ತೆ. ಮೊದಲ ಮಳೆಗೆ ಚರಂಡಿಗೆ, ಅಲ್ಲಿಂದ ಕೆರೆಗೆ ಹೋಗುತ್ತೆ. ಈ ಮೆಸೇಜು ಮುಂದಕ್ಕೆ ಕಳಿಸಬೇಡಿ.

ಪರಿಸರ ವಿಜ್ಞಾನ ವಿದ್ಯಾರ್ಥಿ: ಮೇಡಂ, ದಿನಕ್ಕೆ ಎಷ್ಟು ಸಲ ನೀರು ಹೊಡೆಯಬೇಕು?

ಪರಿಸರ ಎಂಜಿನಿಯರ್: ಮೇಲೆ ಬರೆದಿದ್ದೇನೆ.

ಪರಿಸರ ವಿಜ್ಞಾನ ವಿದ್ಯಾರ್ಥಿ: ಸಂಖ್ಯೆ ಹೇಳಿಲ್ಲ ಮೇಡಂ. ಪ್ರಾಜೆಕ್ಟಿಗೆ ಬೇಕಿತ್ತು. ರೆಡಿ ಯೋಜನೆ ಇದ್ದರೆ ಕಳಿಸುತ್ತೀರಾ?

ಪರಿಸರ ಎಂಜಿನಿಯರ್: ಇಲ್ಲ. ಬೇರೆ ಸೈಟಿನ ಯೋಜನೆ ನಕಲು ಮಾಡಿದ್ದರಿಂದಲೇ ಆ ಮೂರು ಸಾಲು ಬಂದಿದ್ದು. ನೆಲ ನೋಡಿ ಬರೆಯಿರಿ.

ಹುಬ್ಬಳ್ಳಿ ಸದಸ್ಯ: ನಮ್ಮ ಕಡೆ ಎರೆ ಮಣ್ಣು. ಜಲ್ಲಿ ಹಾಸಿದರೂ ಟೈರಿಗೆ ಮುದ್ದೆಯಾಗಿ ಹಿಡಿದುಕೊಂಡು ಬರುತ್ತೆ. ಏನು ಮಾಡಬೇಕು?

ಗುಂಪಿನ ಸದಸ್ಯ: ಇನ್ನೊಂದು ಬಂದಿದೆ, ಕಲ್ಲುಪ್ಪು ಹರಡಿದರೆ ಧೂಳು ಕೂರುತ್ತೆ ಅಂತ.

ಪರಿಸರ ಎಂಜಿನಿಯರ್: ಬೇಡ. ಉಪ್ಪು ಮಳೆಗೆ ಕರಗಿ ಕಾಲುವೆಗೆ ಹೋಗುತ್ತೆ. ಸ್ಟೀಲು ಬೇಗ ತುಕ್ಕು ಹಿಡಿಯುತ್ತೆ. ಫಾರ್ವರ್ಡ್ ಓದಿ ಕೇಳುವ ಮುಂಚೆ ಎರಡು ನಿಮಿಷ ಯೋಚಿಸಿ.

ಕಾಂಟ್ರಾಕ್ಟರ್, 22 ವರ್ಷದ ಅನುಭವ: ಆಫೀಸಿನಲ್ಲಿ ಕೂತು ಬೇಡ ಬೇಡ ಅನ್ನುವುದು ಸುಲಭ.

ಪರಿಸರ ಎಂಜಿನಿಯರ್: ಮೊನ್ನೆ ಮಳೆಯಲ್ಲಿ ನಾನೂ ಒಂದು ಸೈಟಿನ ಹೊರದಾರಿಯಲ್ಲಿ ಬಾಟಲಿ ಹಿಡಿದು ನಿಂತಿದ್ದೆ.

ಬಡಾವಣೆ ನಿವಾಸಿ: ಇಂಥವರಿಂದಲೇ ಕೆರೆ ಹಾಳಾಗಿದ್ದು.

ಕಾಂಟ್ರಾಕ್ಟರ್, 22 ವರ್ಷದ ಅನುಭವ: ಕೆರೆಗೆ ನಿಮ್ಮ ಬಡಾವಣೆಯ ಒಳಚರಂಡಿ ನೀರು ಹೋಗಲ್ವಾ? ಮೊದಲು ಅದನ್ನು ನೋಡಿ.

ಗುಂಪಿನ ನಿರ್ವಾಹಕ: ವಿಷಯಕ್ಕೆ ಬನ್ನಿ. ಇಲ್ಲದಿದ್ದರೆ ಕಾಮೆಂಟು ಮುಚ್ಚುತ್ತೇನೆ.

ಸೈಟ್ ಎಂಜಿನಿಯರ್, ಬೆಂಗಳೂರು: ಮೇಡಂ, ಬಾಟಲಿ ಇಟ್ಟೆ. ಇವತ್ತು ಬೆಳಗ್ಗೆಯೂ ಕೆಂಪಾಗೇ ಇದೆ, ತಳದಲ್ಲಿ ಅರ್ಧ ಬೆರಳು ಮರಳು. ಗೇಟಿನ ಮುಂದೆ ಪಟ್ಟೆ 60 ಹೆಜ್ಜೆ ಇತ್ತು. ಜಲ್ಲಿಗೆ ಮಾಲೀಕರು ಒಪ್ಪಿದ್ದಾರೆ, ಗುಡ್ಡೆ ಸಾಗಿಸಲು ಇನ್ನೂ ಒಪ್ಪಿಲ್ಲ. ಈಗ ಬೇಸ್‌ಮೆಂಟ್‌ನಲ್ಲಿ ಮೂರಡಿ ನೀರು ನಿಂತಿದೆ. ಸಂಜೆ ಮೋಡ ಕವಿದಿದೆ. ಪಂಪ್ ಹಾಕಲಾ?

ಪರಿಸರ ಎಂಜಿನಿಯರ್: ಕಾಲುವೆಗೆ ಹಾಕಬೇಡಿ. ಆ ನೀರು ಎಷ್ಟು ದಿನದಿಂದ ನಿಂತಿದೆ?

ಸೈಟ್ ಎಂಜಿನಿಯರ್, ಬೆಂಗಳೂರು: ನಾಲ್ಕು ದಿನ. ಮೇಲಿನ ನೀರು ತಿಳಿಯಾಗಿದೆ.

ಪರಿಸರ ಎಂಜಿನಿಯರ್: ಹಾಗಾದರೆ ಅದೇ ನಿಮ್ಮ ಧೂಳಿನ ನೀರು. ನಾಳೆಯಿಂದ ಟ್ಯಾಂಕರ್ ಕೊಳ್ಳುವುದು ನಿಲ್ಲಿಸಿ, ಇದನ್ನೇ ತುಂಬಿಸಿಕೊಳ್ಳಿ. ಪಂಪಿನ ಪೈಪಿನ ಬಾಯಿಗೆ ಖಾಲಿ ಕ್ಯಾನ್ ಕಟ್ಟಿ ತೇಲಿಸಿ, ಮೇಲಿನ ನೀರು ಮಾತ್ರ ಬರಲಿ. ಬಾಯಿ ತಳಕ್ಕೆ ತಾಗಿದರೆ ನಾಲ್ಕು ದಿನ ಕೂತಿದ್ದೆಲ್ಲ ಏಳುತ್ತೆ. ಆದರೆ ಮೂರಡಿ ನೀರನ್ನು ಅಗೆದ ಗೋಡೆ ಎಷ್ಟು ದಿನ ತಡೆಯುತ್ತೆ ಅನ್ನುವುದನ್ನು ನಾನು ಇಲ್ಲಿಂದ ಹೇಳಲಾರೆ. ಇವತ್ತೇ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಫೋಟೊ ಕಳಿಸಿ. ಅಂಚಿನಲ್ಲಿ ಬಿರುಕು ಕಂಡರೆ ಕೆಳಗಿರುವ ಜನರನ್ನು ಮೊದಲು ಮೇಲೆ ಕರೆಸಿ.

ಸೈಟ್ ಎಂಜಿನಿಯರ್, ಬೆಂಗಳೂರು: ಟ್ಯಾಂಕರ್‌ನವರ ಜೊತೆ ತಿಂಗಳ ಒಪ್ಪಂದ ಆಗಿಬಿಟ್ಟಿದೆ ಮೇಡಂ. ಮಾತಾಡಿ ನೋಡುತ್ತೇನೆ. ಫೋಟೊ ಈಗ ಕಳಿಸಿದೆ.